ಕಾಗೆ, ಇದ್ದಿಲು, ಡುಮ್ಮಿ: ಚಿಕ್ಕ ಮಕ್ಕಳ ನಡುವಿನ ರೂಪದ ಗೇಲಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದ ನನಗೆ ಪೋಷಕರ ಸಭೆಗಳಲ್ಲಿ, ಪತ್ರಗಳಲ್ಲಿ ಮತ್ತು ಗೇಟಿನ ಬಳಿ ನಿಂತು ಮಾತಾಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಹೆಚ್ಚಿನವು ಮೈಬಣ್ಣವನ್ನು ಕುರಿತವು. ನಮ್ಮ ಶಾಲೆಗಳಲ್ಲಿ ರೂಪದ ಗೇಲಿ ಬಹುಮಟ್ಟಿಗೆ ಅಲ್ಲಿಂದಲೇ ಮೊದಲಾಗುವುದರಿಂದ ಉತ್ತರಗಳೂ ಅದರ ಸುತ್ತಲೇ ಇವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಇನ್ನೂ ನಾಲ್ಕು ವರ್ಷ. ಇಷ್ಟು ಚಿಕ್ಕವರಿಗೆ ಕಪ್ಪು, ಬಿಳುಪು ಅಂತೆಲ್ಲ ತಿಳಿಯುತ್ತದೆಯೇ?

ತಿಳಿಯುತ್ತದೆ. ಆದರೆ ಕಾಣುವುದು ಬೇರೆ, ಮೇಲು–ಕೀಳು ಎಂದು ಎಣಿಸುವುದು ಬೇರೆ. ಮೂರು ತಿಂಗಳ ಕೂಸು ತಾನು ದಿನವೂ ಕಾಣುವ ಬಗೆಯ ಮುಖಗಳನ್ನು ಉಳಿದವಕ್ಕಿಂತ ಹೆಚ್ಚು ಹೊತ್ತು ನೋಡುತ್ತದೆ. ಆಗತಾನೇ ಹುಟ್ಟಿದ ಕೂಸಿನಲ್ಲಿ ಈ ಒಲವು ಕಾಣುವುದಿಲ್ಲವಾದ್ದರಿಂದ ಇದು ಅಭ್ಯಾಸದ ಫಲವೇ ಹೊರತು ಹುಟ್ಟುಗುಣವಲ್ಲ. ಒಂದೂವರೆಯಿಂದ ಎರಡು ವರ್ಷದ ನಡುವೆ ಮಗು ಕನ್ನಡಿಯಲ್ಲಿರುವುದು ತಾನೇ ಎಂದು ಗುರುತಿಸಲು ಕಲಿಯುತ್ತದೆ. ಗೊತ್ತಾಗದಂತೆ ಅದರ ಮೂಗಿಗೆ ಕುಂಕುಮ ಸವರಿ ಕನ್ನಡಿಯ ಮುಂದೆ ಬಿಟ್ಟರೆ, ಅದಕ್ಕೂ ಚಿಕ್ಕ ಮಗು ಕನ್ನಡಿಯನ್ನು ಮುಟ್ಟುತ್ತದೆ, ಈ ವಯಸ್ಸಿನ ಮಗು ತನ್ನ ಮೂಗನ್ನೇ ಮುಟ್ಟಿಕೊಳ್ಳುತ್ತದೆ. ತನಗೂ ಒಂದು ರೂಪವಿದೆ, ಅದನ್ನು ಬೇರೆಯವರು ನೋಡುತ್ತಾರೆ ಎಂಬ ಅರಿವು ಇಲ್ಲಿಂದ ಬೆಳೆಯುತ್ತದೆ.

ಮೂರು ತುಂಬಿದ ಮಗು ಬಣ್ಣ, ಕೂದಲು, ದಪ್ಪ–ತೆಳುವು ನೋಡಿ ಜನರನ್ನು ಗುಂಪು ಮಾಡಬಲ್ಲದು. ‘ಅಮ್ಮ, ಆ ಅಂಕಲ್ ಯಾಕೆ ಅಷ್ಟು ಕಪ್ಪು?’ ಎಂದು ಬಸ್ಸಿನಲ್ಲಿ ಜೋರಾಗಿ ಕೇಳುವುದು ಈ ಹಂತದಲ್ಲಿಯೇ. ಆ ಪ್ರಶ್ನೆಯಲ್ಲಿ ಕೆಡುಕಿಲ್ಲ. ನಾವು ಗಾಬರಿಯಿಂದ ಅದರ ಬಾಯಿ ಮುಚ್ಚಿದಾಗ ಮಾತ್ರ, ಕಪ್ಪು ಎಂಬುದು ಬಾಯಿಬಿಟ್ಟು ಹೇಳಬಾರದ ಸಂಗತಿ ಎಂದು ಮಗು ಕಲಿಯುತ್ತದೆ. ‘ನಿನ್ನ ಅಂಗಿ ನೀಲಿ, ನನ್ನದು ಹಸಿರು, ಹಾಗೆಯೇ ಒಬ್ಬೊಬ್ಬರ ಚರ್ಮದ್ದು ಒಂದೊಂದು ಬಣ್ಣ’ ಎಂದು ಅದೇ ದನಿಯಲ್ಲಿ ಉತ್ತರಿಸಿದರೆ ಸಾಕು.

ನಾವು ಮನೆಯಲ್ಲಿ ಬಣ್ಣದ ಮಾತೇ ಎತ್ತುವುದಿಲ್ಲ. ಆದರೂ ಇವಳು ಇದನ್ನೆಲ್ಲ ಎಲ್ಲಿ ಕಲಿತಳು?

ಎತ್ತುವುದಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ‘ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಆಡುವವರ ಮನಸ್ಸಿನಲ್ಲಿರುವುದು ಮೆಚ್ಚುಗೆಯೇ. ಕೇಳುವ ಮಗುವಿಗೆ ಮಾತ್ರ ಪಾಠ ಸಿಗುವುದು ಆ ‘ಆದರೂ’ ಎಂಬ ಪದದಿಂದ: ಕಪ್ಪು ಒಂದು ಕೊರತೆ, ಲಕ್ಷಣ ಅದನ್ನು ಸರಿದೂಗಿಸಿದೆ. ‘ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬಾಣಂತಿಯನ್ನು ನೋಡಲು ಬಂದವರು ಕೂಸಿನ ಕಿವಿಯ ತುದಿ ನೋಡಿ ಮುಂದೆ ಯಾವ ಬಣ್ಣ ಬರಬಹುದೆಂದು ಲೆಕ್ಕ ಹಾಕುವುದು, ಬಸುರಿಗೆ ಕೇಸರಿ ಹಾಲು ಕುಡಿಸುವುದು, ‘ಬಿಸಿಲಲ್ಲಿ ಆಡಬೇಡ, ಕರ್ರಗಾಗುತ್ತೀಯ’ ಎಂದು ಹುಡುಗಿಯರನ್ನಷ್ಟೇ ಒಳಗೆ ಕರೆಯುವುದು, ಇವೆಲ್ಲ ಪಾಠಗಳೇ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ಮಗುವಿನ ಎದುರಿಗೇ ನಗುತ್ತ ಹೇಳುವವರೂ ಇದ್ದಾರೆ. ಅಲ್ಲಿ ಹೆಗ್ಗಣ ಯಾರು ಎಂಬುದನ್ನು ಮಗು ಬೇಗನೆ ಊಹಿಸುತ್ತದೆ.

ಶಾಲೆಯ ಪಾಲೂ ಕಡಿಮೆಯಲ್ಲ. ಕ್ರೇಯಾನ್ ಡಬ್ಬಿಯಲ್ಲಿರುವ ತಿಳಿಗುಲಾಬಿ ಕಡ್ಡಿಯನ್ನು ಮಕ್ಕಳು ‘ಸ್ಕಿನ್ ಕಲರ್’ ಎಂದು ಕರೆಯುತ್ತಾರೆ. ‘ಮಿಸ್, ಸ್ಕಿನ್ ಕಲರ್ ಕೊಡಿ’ ಎಂದು ಕೇಳುವ ಮಗುವಿನ ಕೈಯ ಬಣ್ಣಕ್ಕೂ ಆ ಕಡ್ಡಿಯ ಬಣ್ಣಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ತರಗತಿಯ ಅತಿ ಬೆಳ್ಳಗಿನ ಹುಡುಗನನ್ನು ಆರಿಸಿ, ಮೈಗೆ ನೀಲಿ ಬಳಿದು ಕೃಷ್ಣನನ್ನಾಗಿಸುತ್ತೇವೆ. ಕೃಷ್ಣ ಎಂಬ ಪದದ ಅರ್ಥವೇ ಕಪ್ಪು. ನಿಜಕ್ಕೂ ಕಪ್ಪಗಿರುವ ಹುಡುಗನಿಗೆ ರಾಕ್ಷಸನ ಪಾತ್ರ ಕಾದಿರುತ್ತದೆ.

ಅಡ್ಡಹೆಸರು ನಮ್ಮ ಕಾಲದಲ್ಲೂ ಇತ್ತು. ಎಲ್ಲವನ್ನೂ ಪೀಡನೆ ಎನ್ನುವುದು ಅತಿಯಾಗಲಿಲ್ಲವೇ?

ಎಲ್ಲವೂ ಪೀಡನೆಯಲ್ಲ. ಈ ವಿಷಯದ ಅಧ್ಯಯನಕ್ಕೆ ತಳಪಾಯ ಹಾಕಿದ ಡ್ಯಾನ್ ಓಲ್ವೇಯಸ್ ನಾರ್ವೆಯ ಶಾಲೆಗಳಲ್ಲಿ ಕೆಲಸ ಮಾಡಿದವರು. ಅವರು ಕೊಟ್ಟ ಮೂರು ಗುರುತುಗಳು ಇಂದಿಗೂ ಬಳಕೆಯಲ್ಲಿವೆ: ನೋಯಿಸುವ ಉದ್ದೇಶವಿರಬೇಕು, ಅದು ಮರುಕಳಿಸುತ್ತಿರಬೇಕು, ಎರಡೂ ಕಡೆಯ ಬಲ ಸಮವಾಗಿರಬಾರದು. ಮೊದಲನೆಯದನ್ನು ಏಳು ವರ್ಷದ ಮಗುವಿನಲ್ಲಿ ಅಳೆಯುವುದು ಕಷ್ಟ. ‘ತಮಾಷೆಗೆ ಅಂದೆ’ ಎಂಬ ಅದರ ಮಾತು ಎಷ್ಟೋ ಸಲ ಸುಳ್ಳೂ ಆಗಿರುವುದಿಲ್ಲ. ಹಾಗಾಗಿ ನಾನು ಮೂರನೆಯದನ್ನೇ ಹೆಚ್ಚು ನೋಡುತ್ತೇನೆ. ‘ಕುಳ್ಳ’ ಎಂದು ಕರೆಸಿಕೊಂಡವನು ‘ಹೋಗೋ ಲಂಬೂ’ ಎಂದು ತಿರುಗಿಸಿ ಹೇಳಿ, ಇಬ್ಬರೂ ಅದೇ ಆಟ ಮುಂದುವರಿಸಿದರೆ ಅದು ಅಡ್ಡಹೆಸರು. ಕರೆಸಿಕೊಂಡವನಿಗೆ ತಿರುಗಿಸಲು ಮಾತಿಲ್ಲದೆ, ಸುತ್ತಲಿನವರು ನಕ್ಕು, ಆಟದಲ್ಲಿ ಅವನ ಜಾಗ ಹೋದರೆ ಅದು ಬೇರೆಯೇ.

## ಶಾಲೆಯ ಒಳಗೆ

ಒಂದನೇ ತರಗತಿಯಲ್ಲಿ ಎಲ್ಲರೂ ಅನ್ಯೋನ್ಯವಾಗಿದ್ದರು. ಮೂರನೇ ತರಗತಿಗೆ ಬರುವಷ್ಟರಲ್ಲಿ ಏನಾಗುತ್ತದೆ?

ಏಳೆಂಟು ವರ್ಷದ ಹೊತ್ತಿಗೆ ಮಗುವಿನ ಯೋಚನೆಯಲ್ಲಿ ಒಂದು ತಿರುವು ಬರುತ್ತದೆ. ಅದಕ್ಕೂ ಮೊದಲು ‘ನೀನು ಚೆನ್ನಾಗಿ ಓಡುತ್ತೀಯಾ?’ ಎಂದು ಕೇಳಿದರೆ, ಕೊನೆಗೆ ಬಂದವನೂ ‘ಹೂಂ, ನಾನೇ ಫಾಸ್ಟು’ ಎನ್ನುತ್ತಾನೆ. ಈ ವಯಸ್ಸಿನಿಂದಾಚೆಗೆ ತನ್ನ ಬೆಲೆಯನ್ನು ಉಳಿದವರ ಪಕ್ಕದಲ್ಲಿಟ್ಟು ಅಳೆದುಕೊಳ್ಳಲು ಮಗು ಕಲಿಯುತ್ತದೆ. ಅಂಕ, ರ‍್ಯಾಂಕು, ಎತ್ತರದ ಪ್ರಕಾರ ಸಾಲು ಎಲ್ಲವೂ ಆಗಲೇ ಶುರುವಾಗುತ್ತವೆ. ಮನೆಯಿಂದ ತಂದ ‘ಬೆಳ್ಳಗಿದ್ದರೆ ಚಂದ’ ಎಂಬ ಅಳತೆಗೋಲು ಅಲ್ಲಿಯವರೆಗೆ ಚೀಲದಲ್ಲೇ ಇದ್ದು, ಈಗ ಹೊರಗೆ ಬರುತ್ತದೆ.

ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ನನ್ನ ತರಗತಿಯಲ್ಲೇ ನಡೆದ ಒಂದು ಸಂಗತಿಯಿಂದ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂರನೇ ತರಗತಿ, ಜೂನ್ ತಿಂಗಳ ಕೊನೆ, ಪರಿಸರ ಅಧ್ಯಯನದಲ್ಲಿ ಹಕ್ಕಿಗಳ ಪಾಠ. ‘ಕಪ್ಪಗಿರುವ ಹಕ್ಕಿ ಯಾವುದು?’ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗನೊಬ್ಬ ‘ಕಾಗೆ’ ಎಂದವನೇ ಹಿಂದೆ ತಿರುಗಿ ಒಬ್ಬ ಹುಡುಗಿಯತ್ತ ನೋಡಿದ. ತರಗತಿ ನಕ್ಕಿತು. ನಾನೂ ಅರೆಕ್ಷಣ ನಕ್ಕೆ, ಆಮೇಲೆ ‘ಸುಮ್ಮನಿರಿ’ ಎಂದೆ. ಮಕ್ಕಳು ಗಮನಿಸಿದ್ದು ನನ್ನ ನಗುವನ್ನೇ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಮೊದಲ ವಾರ ಅವಳು ಉತ್ತರ ಹೇಳಲು ಎದ್ದಾಗಲೆಲ್ಲ ಎಲ್ಲಿಂದಲೋ ‘ಕಾ ಕಾ’ ಎಂಬ ದನಿ ಬರುತ್ತಿತ್ತು. ನಾನು ಹುಡುಗನನ್ನು ಎಲ್ಲರೆದುರಿಗೆ ಗದರಿಸಿದೆ. ದನಿ ನಿಂತಿತು, ಗೇಲಿ ನಿಲ್ಲಲಿಲ್ಲ. ಬರೀ ತುಟಿ ಅಗಲಿಸಿ ‘ಕಾ’ ಎಂಬ ಆಕಾರ ತೋರಿಸುವುದನ್ನು ಅವರು ಕಂಡುಕೊಂಡರು, ಬೋರ್ಡಿನತ್ತ ತಿರುಗಿದ ನನಗೆ ಅದು ಕಾಣುತ್ತಿರಲಿಲ್ಲ. ಜುಲೈ ಮುಗಿಯುವಷ್ಟರಲ್ಲಿ ಬಿಸಿಯೂಟದ ಸಾಲಿನಲ್ಲಿ ಅವಳ ಎಡಬಲಕ್ಕೆ ಒಂದೊಂದು ತಟ್ಟೆಯಷ್ಟು ಜಾಗ ಖಾಲಿ ಉಳಿಯತೊಡಗಿತು. ಕುಂಟೆಬಿಲ್ಲೆಗೆ ಗುಂಪು ಮಾಡುವಾಗ ಅವಳು ಕೊನೆಗೆ ಉಳಿಯುತ್ತಿದ್ದಳು. ಆಗಸ್ಟಿನಲ್ಲಿ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಹಾಜರಿ ಕೂಗಿದಾಗ ‘ಎಸ್ ಮಿಸ್’ ಎನ್ನುವ ದನಿಯೂ ಇಳಿಯಿತು. ಇಷ್ಟಾದರೂ ನನ್ನ ದಾಖಲೆಯಲ್ಲಿ ಅವಳು ‘ಶಾಂತ ಸ್ವಭಾವದ ವಿದ್ಯಾರ್ಥಿನಿ’ ಆಗಿದ್ದಳು.

ಆ ಹುಡುಗ ಅವಳನ್ನು ದ್ವೇಷಿಸುತ್ತಿದ್ದ ಎಂದು ನಾನು ಇಂದಿಗೂ ನಂಬುವುದಿಲ್ಲ. ಅವನಿಗೆ ಸಿಕ್ಕಿದ್ದು ನಗು, ಆ ನಗು ತಂದುಕೊಟ್ಟದ್ದು ತರಗತಿಯಲ್ಲಿ ಒಂದು ಸ್ಥಾನ.

ಹೀಯಾಳಿಸುವವನು ಒಬ್ಬ. ಸುಮ್ಮನೆ ನಗುವ ಮಕ್ಕಳನ್ನೇಕೆ ಇದರಲ್ಲಿ ಎಳೆಯುತ್ತೀರಿ?

ಏಕೆಂದರೆ ಅವರಿಲ್ಲದೆ ಇದು ನಡೆಯುವುದೇ ಅಪರೂಪ. ಕೆನಡಾದ ಸಂಶೋಧಕರು ಶಾಲೆಯ ಆಟದ ಬಯಲನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡಿದಾಗ, ಇಂತಹ ಘಟನೆಗಳಲ್ಲಿ ಬಹುಪಾಲು ಬೇರೆ ಮಕ್ಕಳ ಎದುರಿಗೇ ನಡೆದಿದ್ದವು. ಮಕ್ಕಳು ಮಧ್ಯೆ ಬಂದದ್ದು ಕಡಿಮೆ. ಬಂದಾಗ ಅರ್ಧಕ್ಕಿಂತ ಹೆಚ್ಚು ಘಟನೆಗಳು ಹತ್ತು ಸೆಕೆಂಡಿನೊಳಗೆ ನಿಂತವು. ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ 1990ರ ದಶಕದಲ್ಲಿ ತರಗತಿಯ ಮಕ್ಕಳ ಪಾತ್ರಗಳನ್ನು ಬಿಡಿಸಿ ನೋಡಿದರು. ಹೀಯಾಳಿಸುವವನ ಜೊತೆಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಪಕ್ಕಕ್ಕೆ ಸರಿಯುವವರು, ನೊಂದವರ ಪರ ನಿಲ್ಲುವವರು ಎಲ್ಲ ಅಲ್ಲಿರುತ್ತಾರೆ. ಆ ತಿಳಿವಳಿಕೆಯಿಂದಲೇ ಟುರ್ಕು ವಿಶ್ವವಿದ್ಯಾಲಯದಲ್ಲಿ ‘ಕಿವಾ’ ಎಂಬ ಶಾಲಾ ಕಾರ್ಯಕ್ರಮ ರೂಪುಗೊಂಡಿತು.

ಆ ಕಾರ್ಯಕ್ರಮದ ಒಂದು ಹೆಜ್ಜೆಯನ್ನು ನಮ್ಮ ತರಗತಿಯಲ್ಲಿ ಯಾವ ಖರ್ಚೂ ಇಲ್ಲದೆ ಮಾಡಬಹುದು. ನಾನು ಸೆಪ್ಟೆಂಬರಿನಲ್ಲಿ ಮೂವರು ಹುಡುಗಿಯರನ್ನು ಬೇರೆಬೇರೆಯಾಗಿ ಕರೆದೆ. ಗಟ್ಟಿಯಾಗಿ ನಗುವವರನ್ನಲ್ಲ, ನಕ್ಕಮೇಲೆ ನೆಲ ನೋಡುವವರನ್ನು ಆರಿಸಿದ್ದೆ. ‘ಅವಳು ಈಚೆಗೆ ಬೇಜಾರಿನಲ್ಲಿದ್ದಾಳೆ ಅನ್ನಿಸುತ್ತದೆ, ನಿನಗೂ ಹಾಗೆ ಕಂಡಿದೆಯಾ?’ ಎಂದು ಮಾತ್ರ ಕೇಳಿದೆ. ಮೂವರೂ ಕಂಡಿದೆ ಎಂದರು. ‘ನೀನು ಏನು ಮಾಡಬಹುದು?’ ಎಂದಾಗ ಒಬ್ಬಳು ಊಟಕ್ಕೆ ಪಕ್ಕದಲ್ಲಿ ಕೂರುತ್ತೇನೆ ಎಂದಳು, ಇನ್ನೊಬ್ಬಳು ಆಟಕ್ಕೆ ಮೊದಲು ಅವಳ ಹೆಸರು ಕರೆಯುತ್ತೇನೆ ಎಂದಳು. ಮೂರನೆಯವಳಿಗೆ ಏನೂ ಹೊಳೆಯಲಿಲ್ಲ, ‘ನಗುವುದಿಲ್ಲ’ ಎಂದಳು. ಅದೇ ದೊಡ್ಡದಾಯಿತು. ಹುಡುಗನ ತುಟಿಯ ‘ಕಾ’ ಎರಡು ವಾರದಲ್ಲಿ ಸೊರಗಿತು. ಅವಳು ಮತ್ತೆ ಕೈ ಎತ್ತಿದ್ದು ಮಾತ್ರ ದಸರಾ ರಜೆ ಮುಗಿದ ಮೇಲೆ.

ಒಂದು ಎಚ್ಚರಿಕೆ: ಈ ಮಾತುಕತೆಯನ್ನು ನೊಂದ ಮಗುವಿನ ಎದುರಿಗೆ ಮಾಡಬಾರದು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಸಾರಿ ಹೇಳು, ಕೈ ಕುಲುಕಿ’ ಎನ್ನುವುದು ನಮ್ಮ ಶಾಲೆಗಳ ನೆಚ್ಚಿನ ಉಪಾಯ. ಬಲದಲ್ಲಿ ಸಮವಲ್ಲದವರ ನಡುವೆ ರಾಜಿ ನಡೆಯುವುದಿಲ್ಲ. ಗೇಟಿನ ಹೊರಗೆ ಆ ಕ್ಷಮೆಯ ಲೆಕ್ಕ ಚುಕ್ತಾ ಆಗುತ್ತದೆ.

ಮೇಷ್ಟ್ರೇ ‘ಏ ಕರಿಯ’ ಎಂದು ಕರೆಯುತ್ತಾರಂತೆ. ಪ್ರೀತಿಯಿಂದಲೇ ಇರಬಹುದು, ಆದರೂ ಹೇಳಬಹುದೇ?

ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯಷ್ಟನ್ನೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಲ್ಲಿ ಹೀನಾಯ ಹೆಸರಿನಿಂದ ಕರೆಯುವುದು ಮತ್ತು ಘನತೆಗೆ ಕುಂದು ತರುವ ವ್ಯಂಗ್ಯ ಎರಡೂ ಈ ಕಿರುಕುಳದ ಪಟ್ಟಿಯಲ್ಲಿವೆ. ಮೊದಲು ಶಿಕ್ಷಕರ ಬಳಿಯೇ ಏಕಾಂತದಲ್ಲಿ ‘ಮನೆಯಲ್ಲಿ ಮಗ ಈ ಹೆಸರಿಗೆ ಅಳುತ್ತಾನೆ ಸಾರ್’ ಎಂದು ಹೇಳಿ. ನನ್ನ ಅನುಭವದಲ್ಲಿ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಡಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ಮಕ್ಕಳ ಸಹಾಯವಾಣಿ 1098 ಇರುವುದೂ ಇಂತಹ ದೂರಿಗೇ.

## ಮನೆಯಲ್ಲಿ

ಮಗಳು ಬಾಯಿ ಬಿಡುವುದಿಲ್ಲ. ಹೀಗೆ ನಡೆಯುತ್ತಿದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಮಾತಿನಿಂದಲ್ಲ, ವಸ್ತುಗಳಿಂದ. ಮೇಲೆ ಹೇಳಿದ ಹುಡುಗಿಯ ತಾಯಿಗೆ ಅನುಮಾನ ಬಂದದ್ದು ಪೌಡರಿನ ಡಬ್ಬಿ ನೋಡಿ. ಎರಡು ತಿಂಗಳು ಬರಬೇಕಾದದ್ದು ಎರಡು ವಾರಕ್ಕೆ ಖಾಲಿಯಾಗಿತ್ತು. ಮಗಳು ಬೆಳಿಗ್ಗೆ ಮುಖಕ್ಕಷ್ಟೇ ಅಲ್ಲ, ಕತ್ತಿಗೆ, ಮೊಣಕೈಗೆ ಕೂಡ ಬಳಿದುಕೊಳ್ಳುತ್ತಿದ್ದಳು. ಬಿಸಿಲಿದ್ದರೂ ಉದ್ದ ತೋಳಿನ ಸ್ವೆಟರ್ ಬಿಚ್ಚದಿರುವುದು, ಗುಂಪು ಫೋಟೋದಲ್ಲಿ ಯಾರದಾದರೂ ಹಿಂದೆ ಮರೆಯಾಗುವುದು, ತನ್ನ ಚಿತ್ರ ಬರೆಯುವಾಗ ಮುಖಕ್ಕೆ ಬಣ್ಣ ತುಂಬದೆ ಬಿಡುವುದು, ಡಬ್ಬಿಯ ಊಟ ವಾಪಸು ಬರುವುದು, ಭಾನುವಾರ ಸಂಜೆಗೇ ಹೊಟ್ಟೆನೋವು ಶುರುವಾಗುವುದು, ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣ ಇರಬಹುದು. ಎರಡು ಮೂರು ಒಟ್ಟಿಗೆ ಕಂಡರೆ ವಿಚಾರಿಸಿ.

ವಿಚಾರಿಸುವಾಗ ‘ಯಾರು ಏನಂದರು?’ ಎಂದು ನೇರವಾಗಿ ಕೇಳಬೇಡಿ. ‘ಇವತ್ತು ಊಟಕ್ಕೆ ನಿನ್ನ ಪಕ್ಕ ಯಾರು ಕೂತಿದ್ದರು?’ ಎಂದು ಕೇಳಿ. ನಾಲ್ಕು ದಿನ ‘ಯಾರೂ ಇಲ್ಲ’ ಎಂದರೆ ಉತ್ತರ ಸಿಕ್ಕಂತೆಯೇ.

‘ನೀನೇ ಚಂದ ಕಂದಾ’ ಅಂದರೂ ಅಳು ನಿಲ್ಲುವುದಿಲ್ಲ. ಇನ್ನೇನು ಹೇಳಲಿ?

ಆ ಮಾತು ಪ್ರೀತಿಯದು. ಆದರೆ ತರಗತಿಯಲ್ಲಿ ನಡೆದ ಸ್ಪರ್ಧೆಯನ್ನು ಅದು ಮನೆಯಲ್ಲೂ ಮುಂದುವರಿಸುತ್ತದೆ. ಚಂದವೇ ಮುಖ್ಯ, ನೀನೂ ಗೆದ್ದಿದ್ದೀಯ ಎಂದಂತೆ ಆಗುತ್ತದೆ. ಅಮ್ಮನ ತೀರ್ಪಿಗೂ ಮೂವತ್ತು ಮಕ್ಕಳ ತೀರ್ಪಿಗೂ ತೂಕ ಬೇರೆ ಎಂಬುದು ಎಂಟು ವರ್ಷದವರಿಗೆ ಚೆನ್ನಾಗಿ ಗೊತ್ತು. ‘ಹಾಗೆ ಕರೆದದ್ದು ತಪ್ಪು. ನಿನ್ನ ಬಣ್ಣದಲ್ಲಿ ತಪ್ಪಿಲ್ಲ, ಅವರ ನಡತೆಯಲ್ಲಿದೆ. ಅದನ್ನು ನಿಲ್ಲಿಸುವುದು ದೊಡ್ಡವರ ಕೆಲಸ, ನಾನು ಮಿಸ್ ಹತ್ತಿರ ಮಾತಾಡುತ್ತೇನೆ’ ಎಂಬಷ್ಟು ಸಾಕು. ‘ನೀನೂ ಬೈದು ಬಾ’ ಎನ್ನುವುದು ಬೇಡ. ಬೈಯಲು ಬಲವಿದ್ದಿದ್ದರೆ ಅದು ನಿಮ್ಮವರೆಗೆ ಬರುತ್ತಲೇ ಇರಲಿಲ್ಲ.

ಕಡಲೆಹಿಟ್ಟು, ಅರಿಶಿನ ಹಚ್ಚಿದರೆ ಬಣ್ಣ ಬಿಡುತ್ತದೆ ಎನ್ನುತ್ತಾರೆ ಅತ್ತೆ. ಹಚ್ಚಿದರೆ ತಪ್ಪೇನು?

ಕಡಲೆಹಿಟ್ಟು ಎಣ್ಣೆ, ಕೊಳೆ ತೆಗೆಯುತ್ತದೆ, ಮೆಲನಿನ್ ತೆಗೆಯುವುದಿಲ್ಲ. ಮೈಯ ಮೂಲಬಣ್ಣ ತಂದೆತಾಯಿಯರಿಂದ ಬಂದದ್ದು, ಬಿಸಿಲಿಗೆ ಕಪ್ಪಾದಷ್ಟು ಭಾಗ ಮಾತ್ರ ತಾನಾಗಿ ಇಳಿಯುತ್ತದೆ. ಎಣ್ಣೆಸ್ನಾನದ ದಿನ ಮನೆಯವರೆಲ್ಲರಿಗೂ ಹಚ್ಚಿದರೆ ಅದು ಸ್ನಾನ. ಮೂವರು ಮಕ್ಕಳಲ್ಲಿ ಕಪ್ಪಗಿರುವ ಒಬ್ಬಳಿಗೇ ಹಚ್ಚಿದರೆ ಅದು ಬೇರೆ ಅರ್ಥ ಕೊಡುತ್ತದೆ. ಕ್ರೀಮುಗಳ ವಿಷಯದಲ್ಲಿ ಮಾತ್ರ ಖಂಡಿತವಾಗಿ ಬೇಡ ಎನ್ನುತ್ತೇನೆ. ಬಿಳಿಚಿಸುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಇರುತ್ತದೆ. ಸ್ಟೀರಾಯ್ಡ್‌ನಿಂದ ಮೊದಮೊದಲು ಮುಖ ತಿಳಿಯಾದಂತೆ ಕಂಡು, ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ.

ನನ್ನ ಮಗನೇ ಬೇರೆ ಹುಡುಗಿಯನ್ನು ‘ಇದ್ದಿಲು’ ಎನ್ನುತ್ತಾನಂತೆ. ಹೊಡೆದೆ. ಸರಿಯೇ?

ಹೊಡೆತದಿಂದ ಅವನು ಕಲಿಯುವುದು ಸಿಕ್ಕಿಬೀಳಬಾರದು ಎಂಬುದನ್ನು. ಆ ಹೆಸರು ಅವನಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿ. ಒಬ್ಬ ತಂದೆ ಹೀಗೆ ಕೇಳಿದಾಗ ಮಗ ‘ಅಜ್ಜಿ ಚಿಕ್ಕಮ್ಮನಿಗೆ ಹಾಗೇ ಅಂತಾರಲ್ಲ’ ಎಂದನಂತೆ. ಅಲ್ಲಿಂದ ಮುಂದಿನ ಮಾತು ಅಜ್ಜಿಯ ಜೊತೆಗೆ ನಡೆಯಬೇಕು, ಮಗ ಕೇಳಿಸಿಕೊಳ್ಳುವಂತೆ.

## ಇನ್ನೂ ಒಳಗಿನ ಪ್ರಶ್ನೆಗಳು

ದಪ್ಪ ಮಗುವಿನ ವಿಷಯ ಬೇರೆಯಲ್ಲವೇ? ಆರೋಗ್ಯದ ದೃಷ್ಟಿಯಿಂದ ಹೇಳಲೇಬೇಕಲ್ಲ?

ಬೇರೆ ಎಂದು ದೊಡ್ಡವರು ಭಾವಿಸುವುದರಿಂದಲೇ ಇದು ಹೆಚ್ಚು ಕಾಲ ಬದುಕುತ್ತದೆ. ಬಣ್ಣ ಯಾರ ಕೈಯಲ್ಲೂ ಇಲ್ಲ ಎಂಬ ಕರುಣೆಯಾದರೂ ಇರುತ್ತದೆ. ದಪ್ಪಗಿರುವುದು ಮಗುವಿನದೇ ತಪ್ಪು ಎಂಬ ನಂಬಿಕೆ ಗೇಲಿಗೆ ಪರವಾನಗಿ ಕೊಡುತ್ತದೆ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹತ್ತು–ಹನ್ನೊಂದು ವರ್ಷದ ಮಕ್ಕಳಿಗೆ ಆರು ಚಿತ್ರ ತೋರಿಸಿ, ಇಷ್ಟವಾದ ಕ್ರಮದಲ್ಲಿ ಜೋಡಿಸಲು ಹೇಳಲಾಯಿತು. ಊರುಗೋಲಿನ ಮಗು, ಗಾಲಿಕುರ್ಚಿಯ ಮಗು, ಕೈಯಿಲ್ಲದ ಮಗು, ಮುಖದಲ್ಲಿ ಊನವಿದ್ದ ಮಗು ಎಲ್ಲರ ನಂತರ, ಕೊನೆಗೆ ಬಂದದ್ದು ದಪ್ಪ ಮಗು. 2003ರಲ್ಲಿ ಇದೇ ಅಧ್ಯಯನವನ್ನು ಮತ್ತೆ ಮಾಡಿದಾಗ ಆ ಒಲ್ಲದಿರುವಿಕೆ ಇನ್ನೂ ಗಟ್ಟಿಯಾಗಿತ್ತು.

ತೂಕದ ಚಿಂತೆ ನಿಜವಾಗಿದ್ದರೆ ವೈದ್ಯರು ವಯಸ್ಸು, ಎತ್ತರ ಎರಡನ್ನೂ ಸೇರಿಸಿ ಅಳೆಯಲಿ, ಆ ಮಾತು ಪೋಷಕರೊಂದಿಗೆ ಮಾತ್ರ ನಡೆಯಲಿ. ಮನೆಯ ಅಡುಗೆ ಬದಲಾಗುವುದಾದರೆ ಎಲ್ಲರಿಗೂ ಬದಲಾಗಲಿ. ಬಿಸಿಯೂಟದ ಸಾಲಿನಲ್ಲಿ ‘ನಿನಗೆ ಎರಡನೇ ಸಲ ಬೇಡ’ ಎಂದು ಎಲ್ಲರ ಮುಂದೆ ಹೇಳಿದರೆ ಮಗುವಿಗೆ ಸಿಗುವುದು ಆರೋಗ್ಯವಲ್ಲ, ಅಡ್ಡಹೆಸರು.

ಮಕ್ಕಳು ಬಿಳಿ ಗೊಂಬೆಯನ್ನೇ ಆರಿಸುವುದು ತಮ್ಮನ್ನು ತಾವೇ ದ್ವೇಷಿಸುವುದರಿಂದ ಎಂದು ಓದಿದ್ದೇನೆ. ನಿಜವೇ?

ಓದಿದ್ದು ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಯ ಪ್ರಯೋಗವಿರಬೇಕು. ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಒಂದೇ ಆಗಿದ್ದ ಗೊಂಬೆಗಳನ್ನು ಅವರು ಅಮೆರಿಕದ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದಿಟ್ಟರು. ಆಡಲು ಯಾವುದು ಬೇಕು ಎಂದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ತೋರಿಸಿದರು. ‘ನಿನ್ನ ಹಾಗಿರುವುದು ಯಾವುದು?’ ಎಂದಾಗ ಕೆಲವರು ಅತ್ತೇಬಿಟ್ಟರು. ಶಾಲೆಗಳಲ್ಲಿ ವರ್ಣಭೇದ ಕೊನೆಗೊಳಿಸಿದ 1954ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಕೆಲಸದ ಉಲ್ಲೇಖವಿದೆ.

ಆದರೆ ಗೊಂಬೆಯ ಆಯ್ಕೆಯಿಂದ ಒಂದೊಂದು ಮಗುವಿನ ಆತ್ಮವಿಶ್ವಾಸವನ್ನು ಅಳೆಯಲಾಗದು. ಜಾತ್ರೆಯ ಅಂಗಡಿಯಲ್ಲಿ ಗುಲಾಬಿ ಬಣ್ಣದ ಗೊಂಬೆಗಳಷ್ಟೇ ಇದ್ದರೆ ಮಗುವಿಗೆ ‘ಗೊಂಬೆ’ ಎಂದರೆ ಅದೇ. ಸಮಾಜದಲ್ಲಿ ಯಾವುದಕ್ಕೆ ಬೆಲೆ ಎಂಬುದನ್ನು ಆ ವಯಸ್ಸಿಗೇ ಮಗು ಓದಬಲ್ಲದು ಎಂಬುದನ್ನು ಆ ಪ್ರಯೋಗ ತೋರಿಸುತ್ತದೆ. ಅದನ್ನು ತನ್ನ ಮೇಲೆ ಹಾಕಿಕೊಳ್ಳುವುದು, ಬಿಡುವುದು ಮನೆ ಮತ್ತು ತರಗತಿಯನ್ನು ಅವಲಂಬಿಸಿದೆ. ಮಗಳು ಬಿಳಿ ಗೊಂಬೆ ಆರಿಸಿದಳೆಂದು ಕಂಗಾಲಾಗಬೇಡಿ. ‘ಕಪ್ಪು ಗೊಂಬೆ ಕೆಟ್ಟದ್ದು’ ಎಂದರೆ ಯಾಕೆಂದು ಕೇಳಿ.

ಬಣ್ಣದ ಮಾತಿನೊಳಗೆ ಜಾತಿಯೂ ಸೇರಿಕೊಂಡಿದೆ ಅನ್ನಿಸುತ್ತದೆ. ಹೌದೇ?

ಹೌದು. ಬಣ್ಣ ನೋಡಿ ಜಾತಿ ಹೇಳಲಾಗದು, ಒಂದೇ ಮನೆಯಲ್ಲಿ ಎಲ್ಲ ಬಣ್ಣದವರೂ ಇರುತ್ತಾರೆ. ಆದರೆ ‘ನೋಡಿದರೆ ನಮ್ಮವರ ಹಾಗೆ ಕಾಣುವುದಿಲ್ಲ’ ಎಂಬ ಮಾತನ್ನು ಮಕ್ಕಳು ಕೇಳಿಸಿಕೊಂಡಿರುತ್ತಾರೆ. ಹಾಗಾಗಿ ‘ಕರಿಯ’ ಎಂಬುದರ ಹಿಂದೆಯೇ ‘ಅವನ ನೀರಿನ ಬಾಟಲಿ ಮುಟ್ಟಬೇಡ’ ಬಂತೆಂದರೆ ಅದನ್ನು ರೂಪದ ಗೇಲಿ ಎಂದು ಬದಿಗಿಡಬಾರದು. ಅಡ್ಡಹೆಸರಿನಿಂದ ಕರೆಯುವುದು ಕೆಲವರಿಂದ ಮಾತ್ರ ಬರುತ್ತದೆ, ದೂರ ಕೂರುವುದು ಸಾಲುಸಾಲಾಗಿ ನಡೆಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಇದರಿಂದ. ಇಂಥ ಕಡೆ ಮೂವರು ಗೆಳತಿಯರನ್ನು ಕರೆದು ಮಾತಾಡುವ ಉಪಾಯ ಸಾಲದು. ಕೂರುವ ಜಾಗ, ಊಟದ ಸಾಲು, ನೀರು ತರುವ ಪಾಳಿ ಇವನ್ನು ಶಿಕ್ಷಕರೇ ನಿಗದಿಮಾಡಿ ವಾರವಾರ ಬದಲಿಸಬೇಕು, ಪೋಷಕರು ಬಂದು ಕೇಳಿದರೂ ಬದಲಿಸಬಾರದು. ಕೇಳಲು ಬಂದೇ ಬರುತ್ತಾರೆ.

ಶಾಲೆ ಬದಲಿಸಿಬಿಟ್ಟರೆ ಮುಗಿಯುತ್ತದಲ್ಲವೇ?

ಕೆಲವೊಮ್ಮೆ ಮುಗಿಯುತ್ತದೆ. ಹೊಡೆತವಿದ್ದರೆ, ಅಥವಾ ಶಾಲೆ ಕಿವಿಗೊಡದಿದ್ದರೆ ಬದಲಿಸಿ. ಉಳಿದಂತೆ ಒಂದು ಟರ್ಮ್ ಕಾಯುವುದು ಮೇಲು. ಹೊಸ ಶಾಲೆಯಲ್ಲಿಯೂ ಹಕ್ಕಿಗಳ ಪಾಠ ಇರುತ್ತದೆ. ನನ್ನ ತರಗತಿಯ ಆ ಹುಡುಗಿಯ ತಂದೆ ಟಿ.ಸಿ. ಕೇಳಲು ಬಂದಿದ್ದರು. ಅವಳೇ ಬೇಡವೆಂದಳು. ಕಾರಣ ಕೇಳಿದರೆ, ಊಟಕ್ಕೆ ಪಕ್ಕದಲ್ಲಿ ಕೂರುತ್ತಿದ್ದವಳ ಹೆಸರು ಹೇಳಿದಳು.